ಹೊಡೆದು ಹಾಕಿದ ನಲವತ್ತು

ಕಥೆಯ ನಡುಭಾಗದಲ್ಲಿ ಒಂದು ಚೀಟಿ ಬರುತ್ತದೆ. ನೋಟ್‌ಬುಕ್ಕಿನಿಂದ ಹರಿದ ಹಾಳೆಯ ಮೇಲೆ ತಮ್ಮ ನಾಲ್ಕು ಅಂಕಿ ಬರೆದಿದ್ದಾನೆ. ನಾಲ್ಕರ ಪಕ್ಕದಲ್ಲೂ ಮೊದಲು ಬರೆದು ಹೊಡೆದು ಹಾಕಿದ ಇನ್ನೊಂದು ಅಂಕಿ ಇದೆ: 40 ಹೋಗಿ 30 ಆಗಿದೆ, 12 ಹೋಗಿ 10, 28 ಹೋಗಿ 25, 20 ಹೋಗಿ 35. ಕಥೆಗಾರ ಈ ತಿದ್ದುಗಳ ಬಗ್ಗೆ ಒಂದು ಮಾತೂ ಹೇಳುವುದಿಲ್ಲ. ಚೀಟಿಯನ್ನು ತೋರಿಸಿ ಮುಂದಿನ ಸಾಲಿಗೆ ಹೋಗಿಬಿಡುತ್ತಾನೆ.

ಮೊದಲ ಓದಿನಲ್ಲಿ ನಾನೂ ಮುಂದೆ ಹೋಗಿದ್ದೆ. ಅಕ್ಕ-ತಮ್ಮ ಹೊಲ ಹಂಚಿಕೊಳ್ಳುವ ಕಥೆಯಲ್ಲಿ ಲೆಕ್ಕ ಬಂದರೆ ಅದು ಅಲಂಕಾರಕ್ಕೆ ಬಂದಿರುತ್ತದೆ ಎಂದುಕೊಂಡಿದ್ದೆ. ಎರಡನೇ ಸಲ ಓದುವಾಗ ಪೆನ್ನು ಹಿಡಿದು ಆ ಹೊಡೆದು ಹಾಕಿದ ಅಂಕಿಗಳಿಂದಲೇ ಲೆಕ್ಕ ಮಾಡಿದೆ. ಕಥೆ ಇರುವುದು ಅಲ್ಲಿ ಎಂದು ಆಗ ತಿಳಿಯಿತು. ಈ ಬರಹ ಆ ಲೆಕ್ಕದ ಬಗ್ಗೆ. ಕಥೆ ಅದನ್ನು ಎಷ್ಟು ಚೆನ್ನಾಗಿ ಬಳಸಿದೆ, ಎಲ್ಲಿ ಅದರಿಂದ ತಪ್ಪಿಸಿಕೊಂಡಿದೆ ಎಂಬುದರ ಬಗ್ಗೆ. ಕಥೆ ಇನ್ನೂ ಅಚ್ಚಾಗಿಲ್ಲ, ತಲೆಬರಹವೂ ಇಟ್ಟಾಗಿಲ್ಲ. ತಮ್ಮ ಹೆಸರು ಹೇಳದೆ ಚರ್ಚಿಸಲು ಬರೆದವರು ಒಪ್ಪಿದ್ದಾರೆ.

ಕಥೆ ಶುರುವಾಗುವುದು ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ. ಅಕ್ಕ ಬಾಗಲಕೋಟೆಯ ನವನಗರದಿಂದ ಮಗಳ ಜೊತೆ ಬಂದಿದ್ದಾಳೆ, ತಮ್ಮ ಇಳಕಲ್ಲಿನಿಂದ. ಅವನಿಗೆ ಅಲ್ಲಿ ಒಂದು ಸಣ್ಣ ಸೀರೆ ಅಂಗಡಿ. ತವರೂರು ಹುನಗುಂದದ ಕಡೆ. ಅಪ್ಪ-ಅವ್ವ ಇಬ್ಬರೂ ಇಲ್ಲ. ನಾಟಕ ಕಂಪನಿಯ ಡೇರೆಯ ಹಿಂದೆ ಬುತ್ತಿ ಬಿಚ್ಚಿ ಕುಳಿತಾಗ ತಮ್ಮ ಚೀಲದಿಂದ ಒಂದು ಇಳಕಲ್ ಸೀರೆ ತೆಗೆದು ಅಕ್ಕನ ಉಡಿಗೆ ಹಾಕುತ್ತಾನೆ. ಸೀರೆಯ ಮಡಿಕೆಯೊಳಗೆ ಬಾಂಡ್ ಪೇಪರ್ ಇದೆ.

“ಇದೇನೋ ತಮ್ಮಾ?”

“ಏನಿಲ್ಲ ಯಕ್ಕಾ, ಒಂದು ಸಹಿ.”

ನಮ್ಮ ಕಡೆಯ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೆಣ್ಣುಮಕ್ಕಳು ಅರಿಷಿಣ ಕುಂಕುಮ, ಒಂದು ಸೀರೆ ತಗೊಂಡು ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕುವುದು ಎಷ್ಟು ರೂಢಿಯೆಂದರೆ, ಹಾಕದವಳಿಗೆ ತವರಿನ ಬಾಗಿಲು ಮುಚ್ಚುತ್ತದೆ ಎಂಬುದೂ ಅಷ್ಟೇ ರೂಢಿ. ಕಥೆಗಾರ ಕಾನೂನನ್ನು ಭಾಷಣ ಮಾಡದೆ ತರುತ್ತಾನೆ. ಅಕ್ಕನ ಮದುವೆ 1994ಕ್ಕಿಂತ ಮೊದಲೇ ಆಗಿತ್ತು ಎಂಬ ಒಂದೇ ಸಾಲು ಸಾಕು. ಮಿತಾಕ್ಷರ ಪದ್ಧತಿಯಲ್ಲಿ ಹುಟ್ಟಿನಿಂದ ಬರುವ ಹಕ್ಕು ಗಂಡುಮಕ್ಕಳದು. ಆ ಗ್ರಂಥ ಬರೆದ ವಿಜ್ಞಾನೇಶ್ವರ ನಮ್ಮದೇ ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದವನು. ಕರ್ನಾಟಕ 1994ರಲ್ಲಿ ಹೆಣ್ಣುಮಕ್ಕಳಿಗೂ ಆ ಹಕ್ಕು ಕೊಟ್ಟಿತು, ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಗೆರೆಯನ್ನು ಅಳಿಸಿತು. 2020ರಲ್ಲಿ ಸುಪ್ರೀಂ ಕೋರ್ಟ್, 2005ರಲ್ಲಿ ತಂದೆ ಬದುಕಿರಲೇಬೇಕು ಎಂಬ ಷರತ್ತೂ ಬೇಡ ಎಂದಿತು. ಅಂದರೆ ಕಥೆಯ ಅಕ್ಕ ತನ್ನ ಮದುವೆಯ ದಿನ ಪಾಲಿಲ್ಲದವಳು, ಕಥೆಯ ದಿನ ಅರ್ಧದ ಒಡತಿ. ನಡುವೆ ಅವಳಿಗೆ ಇದನ್ನು ಹೇಳಿದವರು ಯಾರೂ ಇಲ್ಲ.

ಸಹಿ ಹಾಕುವ ಮೊದಲು ಮಗಳು ತಡೆಯುತ್ತಾಳೆ. ಬಾಗಲಕೋಟೆಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗಿ. ಜಗಳಕ್ಕೆ ನಿಲ್ಲುವುದಿಲ್ಲ. “ಮಾಮಾ, ಊರಿಗೆ ಹೋಗೋಣು. ಅಲ್ಲೇ ಕುಂತು ಹಂಚೋಣು” ಎನ್ನುತ್ತಾಳೆ. ಕಥೆಯ ಉಳಿದ ಭಾಗವೆಲ್ಲ ಊರಿನ ಮನೆಯ ಪಡಸಾಲೆಯಲ್ಲಿ ಒಂದು ಸಂಜೆ ನಡೆಯುತ್ತದೆ.

ಹಂಚಬೇಕಾದದ್ದು ನಾಲ್ಕು ಹೊಲ, ಒಟ್ಟು 13 ಎಕರೆ. ಎರಿ ಹೊಲ 6 ಎಕರೆ. ಹಿಂಗಾರಿಗೆ ಬಿಳಿಜೋಳ, ಕಡ್ಲಿ ಬೆಳೆಯುವ ಕಪ್ಪು ನೆಲ. ಮಸಾರಿ 4 ಎಕರೆ. ಮುಂಗಾರಿಯ ಸಜ್ಜಿ, ಶೇಂಗಾಕ್ಕೆ ಸರಿ. ಬಾವಿ ಹೊಲ 2 ಎಕರೆ, ನೀರಿದ್ದಷ್ಟು ಉಳ್ಳಾಗಡ್ಡಿ. ಕೊನೆಗೆ ಇಳಕಲ್ ರಸ್ತೆಗೆ ತಾಗಿದ 1 ಎಕರೆ. ಅದರಲ್ಲಿ ಬೆಳೆ ಬೆಳೆಯುವ ಯೋಚನೆ ಈಗ ಯಾರಿಗೂ ಇಲ್ಲ.

ಹಿರಿಯರು ಬಂದು ವಾಟ್ನಿ ಮಾಡಿದರೆ ಏನು ಮಾಡುತ್ತಾರೆ? ನಾಲ್ಕೂ ಹೊಲದ ನಡುವೆ ಬದು ಹಾಕುತ್ತಾರೆ. ನಾಲ್ಕು ಹೊಲ ಎಂಟು ತುಂಡಾಗುತ್ತದೆ. ಇದನ್ನು ಮೂರ್ಖತನ ಎಂದು ತಳ್ಳಿಹಾಕುವ ಆಧುನಿಕ ಕಥೆಗಳನ್ನು ನಾವು ಓದಿದ್ದೇವೆ. ಈ ಕಥೆ ಆ ತಪ್ಪು ಮಾಡುವುದಿಲ್ಲ. ನೆರೆಮನೆಯ ಮುದುಕ ಹೇಳುತ್ತಾನೆ: “ಮುಂಗಾರಿ ಕೈ ಕೊಟ್ರ ಎರಿ ಇರತೈತಿ, ಹಿಂಗಾರಿ ಕೈ ಕೊಟ್ರ ಮಸಾರಿ ಇರತೈತಿ. ಇಬ್ಬರಿಗೂ ಎರಡೂ ಇರಬೇಕವ್ವಾ.” ಒಣಬೇಸಾಯದ ಸೀಮೆಯಲ್ಲಿ ತುಂಡು ಮಾಡುವುದಕ್ಕೆ ಈ ಕಾರಣ ಗಟ್ಟಿಯಾದದ್ದು. ಆದರೆ ಬರೀ ಅಂಗಡಿ ನಂಬಿದ ತಮ್ಮನಿಗೂ, ನವನಗರದಲ್ಲಿರುವ ಅಕ್ಕನಿಗೂ ಆ ಕಾರಣ ಅಷ್ಟೇ ಗಟ್ಟಿಯಾಗಿ ಉಳಿದಿಲ್ಲ. ಹುಡುಗಿ ಅಲ್ಲಿಂದ ಹೊರಡುತ್ತಾಳೆ.

ಅವಳು ಬಳಸುವ ವಿಧಾನ ಕಥೆಗಾರನ ಕಲ್ಪನೆಯಲ್ಲ. ಪಾಲು ಹಂಚುವುದನ್ನು ಗಣಿತದ ಸಮಸ್ಯೆಯಾಗಿ ಮೊದಲು ಮಂಡಿಸಿದವರಲ್ಲಿ ಪೋಲೆಂಡಿನ ಹ್ಯೂಗೋ ಸ್ಟೈನ್‌ಹೌಸ್ ಒಬ್ಬ, 1940ರ ದಶಕದಲ್ಲಿ. ಇಲ್ಲಿ ಬರುವುದು ಅಮೆರಿಕದ ಸ್ಟೀವನ್ ಬ್ರಾಮ್ಸ್ ಮತ್ತು ಆಲನ್ ಟೇಲರ್ 1990ರ ದಶಕದಲ್ಲಿ ರೂಪಿಸಿದ, ಇಬ್ಬರಿಗೆ ಮಾತ್ರ ಹೊಂದುವ ವಿಧಾನ. ಒಬ್ಬೊಬ್ಬರಿಗೂ 100 ಅಂಕ. ಯಾವ ಹೊಲ ನಿಮಗೆ ಎಷ್ಟು ಬೇಕು ಎಂಬುದಕ್ಕೆ ತಕ್ಕಂತೆ ಆ ನೂರನ್ನು ಹಂಚಿ, ಒಬ್ಬರದು ಇನ್ನೊಬ್ಬರು ನೋಡದಂತೆ ಬರೆಯಬೇಕು. ಚೀಟಿಗಳು ಹೀಗೆ ಬರುತ್ತವೆ:

ಎರಿ ಹೊಲ: ಅಕ್ಕ 45, ತಮ್ಮ 30
ಮಸಾರಿ: ಅಕ್ಕ 20, ತಮ್ಮ 10
ಬಾವಿ ಹೊಲ: ಅಕ್ಕ 25, ತಮ್ಮ 25
ರಸ್ತೆ ಹೊಲ: ಅಕ್ಕ 10, ತಮ್ಮ 35

ಮೊದಲ ಹೆಜ್ಜೆ ಸುಲಭ. ಯಾರು ಹೆಚ್ಚು ಅಂಕ ಕೊಟ್ಟಿದ್ದಾರೋ ಹೊಲ ಅವರಿಗೆ. ಎರಿ ಮತ್ತು ಮಸಾರಿ ಅಕ್ಕನಿಗೆ, 65 ಅಂಕ. ರಸ್ತೆ ತಮ್ಮನಿಗೆ. ಬಾವಿ ಇಬ್ಬರಿಗೂ ಸಮ; ಕಡಿಮೆ ಇರುವ ತಮ್ಮನ ಕಡೆ ಹಾಕಿದರೆ ಅವನಿಗೆ 60. ಒಟ್ಟು 125. ಒಟ್ಟು ಸಂತೋಷ ಇದಕ್ಕಿಂತ ಹೆಚ್ಚಾಗುವ ಹಂಚಿಕೆ ಇನ್ನೊಂದಿಲ್ಲ. ಲೆಕ್ಕ ಇಲ್ಲಿಗೇ ನಿಲ್ಲಬಹುದಿತ್ತು, ಆದರೆ ಅಕ್ಕ 5 ಅಂಕ ಮುಂದಿದ್ದಾಳೆ. ಎರಡನೇ ಹೆಜ್ಜೆಯಲ್ಲಿ ಅವಳ ಕಡೆಯಿಂದ ಅವನ ಕಡೆಗೆ ಏನನ್ನಾದರೂ ಸರಿಸಬೇಕು. ಸರಿಸುವಾಗ ಆಗುವ ನಷ್ಟ ಆದಷ್ಟು ಕಡಿಮೆ ಇರಬೇಕು. ಮಸಾರಿ ಅವಳಿಗೆ 20, ಅವನಿಗೆ 10. ಕೊಟ್ಟರೆ ಅರ್ಧ ಬೆಲೆ ಕರಗಿಹೋಗುತ್ತದೆ. ಎರಿ ಅವಳಿಗೆ 45, ಅವನಿಗೆ 30. ಮೂರರಲ್ಲಿ ಒಂದು ಭಾಗ ಮಾತ್ರ ಕರಗುತ್ತದೆ. ಆದ್ದರಿಂದ ಎರಿಯಲ್ಲೇ ಹದಿನೈದರಲ್ಲಿ ಒಂದು ಪಾಲು ತಮ್ಮನಿಗೆ. ಅಕ್ಕ 3 ಅಂಕ ಕಳೆದುಕೊಳ್ಳುತ್ತಾಳೆ, ತಮ್ಮ 2 ಪಡೆಯುತ್ತಾನೆ. ಇಬ್ಬರಿಗೂ 62. ಸಮತೆಗೆ ತೆತ್ತದ್ದು ಒಂದೇ ಅಂಕ. 125 ಇದ್ದದ್ದು 124 ಆಯಿತು. ಎಲ್ಲ ಹೊಲವನ್ನೂ ಸಮನಾಗಿ ಸೀಳಿದ್ದರೆ ಇಬ್ಬರಿಗೂ 50 ಸಿಗುತ್ತಿತ್ತು, ಎಂಟು ತುಂಡೂ ಆಗುತ್ತಿತ್ತು. ಇಲ್ಲಿ ಐದು ತುಂಡು.

ನೆಲವನ್ನು ಗರಿಷ್ಠ ಮಾಡಿಕೊಳ್ಳುವ ಪ್ರಸಿದ್ಧ ಕಥೆ ಟಾಲ್‌ಸ್ಟಾಯ್‌ದು. ಸೂರ್ಯ ಮುಳುಗುವುದರೊಳಗೆ ನಡೆದು ಸುತ್ತಿದಷ್ಟೂ ನೆಲ ನಿನ್ನದು ಎಂದು ಕೇಳಿ ಓಡಿ ಸಾಯುವ ಪಾಹೋಮ್. ಅಲ್ಲಿ ದಾಟಬೇಕಾದ ಮಿತಿ ಒಬ್ಬನ ದೇಹದ್ದು. ನಮ್ಮ ಕಥೆಯಲ್ಲಿ ಹೆಚ್ಚಿಸಬೇಕಾದದ್ದು ಇಬ್ಬರಲ್ಲಿ ಕಡಿಮೆ ಪಡೆದವರ ಪಾಲು. ಮಿತಿ ಎದುರಿಗೆ ಕುಳಿತ ಒಡಹುಟ್ಟು. ಎರಡೂ ಕಥೆಗಳ ಸ್ವಭಾವವೇ ಬೇರೆ.

ಎಕರೆ ಲೆಕ್ಕ ಹಾಕಿದರೆ ಅಕ್ಕನಿಗೆ 9 ಎಕರೆ 24 ಗುಂಟೆ, ತಮ್ಮನಿಗೆ 3 ಎಕರೆ 16 ಗುಂಟೆ. ಪಡಸಾಲೆಯಲ್ಲಿ ಕುಳಿತವರು ನಗುತ್ತಾರೆ. ಹೆಣ್ಣುಮಗಳಿಗೆ ಒಂಬತ್ತೂವರೆ, ಮಗನಿಗೆ ಮೂರೂವರೆ! ತಮ್ಮ ನಗುವುದಿಲ್ಲ. “ನನಗ ಬೇಕಾದ್ದು ನನಗ ಬಂದೈತಿ” ಎನ್ನುತ್ತಾನೆ.

ಈಗ ಆ ಹೊಡೆದು ಹಾಕಿದ ಅಂಕಿಗಳಿಗೆ ಬರೋಣ. ಚೀಟಿ ಬರೆಯುವ ಮೊದಲು ಒಂದು ಸಾಲಿದೆ. ಅಕ್ಕ ಅಡುಗೆಮನೆಯಲ್ಲಿ ಬರೆದು ಚೀಟಿಯನ್ನು ಚಹಾಪುಡಿಯ ಡಬ್ಬಿಯ ಕೆಳಗೆ ಇಟ್ಟಿದ್ದಾಳೆ. ತಮ್ಮ ನೀರು ಕುಡಿಯಲು ಒಳಗೆ ಹೋಗಿ ಬರುತ್ತಾನೆ. ಅಷ್ಟೇ. ಅವನು ನೋಡಿದನೇ ಎಂದು ಕಥೆ ಹೇಳುವುದಿಲ್ಲ. ಅಂಕಿಗಳು ಹೇಳುತ್ತವೆ.

ಅಕ್ಕನ 45 ಗೊತ್ತಿದ್ದವನು ಹೇಗೆ ಬರೆಯುತ್ತಾನೆ? ತನಗೆ ನಿಜವಾಗಿ ಬೇಕಾದ ರಸ್ತೆ ಹೊಲಕ್ಕೆ 35 ಖರ್ಚು ಮಾಡುವ ಅಗತ್ಯವಿಲ್ಲ. ಅಕ್ಕ ಅದಕ್ಕೆ ಕೊಟ್ಟದ್ದು ಬರೀ 10, ತಾನು 20 ಕೊಟ್ಟರೂ ಅದು ತನ್ನದೇ. ಬಾವಿಗೆ 28 ಸಾಕು. ಉಳಿದ ಅಂಕವನ್ನು ಅಕ್ಕನಿಗೆ ಪ್ರಿಯವಾದ ಎರಿಯ ಮೇಲೆ ಹಾಕಿ, ತನಗೂ ಅದು ಬಹಳ ಬೇಕಿತ್ತು ಎಂದು ತೋರಿಸಬೇಕು: 40. ಹೀಗೆ ಬರೆದರೆ ಹೊಲಗಳು ಮೊದಲಿನಂತೆಯೇ ಹಂಚಿಕೆಯಾಗುತ್ತವೆ. ಆದರೆ ಕಾಗದದ ಮೇಲೆ ತಮ್ಮನಿಗೆ ಸಿಕ್ಕದ್ದು 48 ಮಾತ್ರ, ಅಕ್ಕನಿಗೆ 65. ದೊಡ್ಡ ಅಂತರ. ಅದನ್ನು ತುಂಬಲು ಎರಿಯ ಐದರಲ್ಲಿ ಒಂದು ಪಾಲು ಸರಿಯಬೇಕು. ಆಗ ಇಬ್ಬರಿಗೂ 56 ಎಂದು ಕಾಗದ ಹೇಳುತ್ತದೆ. ತಮ್ಮನ ನಿಜವಾದ ಮನಸ್ಸಿನ ಅಳತೆಯಲ್ಲಿ ಅವನಿಗೆ ಸಿಕ್ಕಿರುವುದು 66. ಅಕ್ಕನಿಗೆ 56ಏ. ಮೋಸವೂ ಸಮಪಾಲಿನ ಮುಖ ಹೊತ್ತು ಬರುತ್ತದೆ. ಹುಡುಗಿಗೆ ಅದನ್ನು ಹಿಡಿಯುವ ದಾರಿಯೇ ಇಲ್ಲ.

ಎರಿಯ ಐದರಲ್ಲಿ ಒಂದು ಪಾಲೆಂದರೆ 48 ಗುಂಟೆ. ತಿದ್ದಿದ ಚೀಟಿಯಿಂದ ಅವನಿಗೆ ಬಂದದ್ದು 16 ಗುಂಟೆ. 40 ಅನ್ನು ಹೊಡೆದು 30 ಎಂದು ಬರೆದ ಆ ಕ್ಷಣದಲ್ಲಿ ತಮ್ಮ 32 ಗುಂಟೆ ಎರಿ ಹೊಲವನ್ನು ಅಕ್ಕನಿಗೆ ಬಿಟ್ಟಿದ್ದಾನೆ. ಸೀರೆಯ ಮಡಿಕೆಯಲ್ಲಿ ಬಾಂಡ್ ಪೇಪರ್ ತಂದ ಅದೇ ತಮ್ಮ. ಅವನು ಯಾಕೆ ಬದಲಾದ ಎಂದು ಕಥೆ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಪಶ್ಚಾತ್ತಾಪದ ಒಂದು ಸಾಲಿಲ್ಲದೆ ಪಶ್ಚಾತ್ತಾಪವನ್ನು ಬರೆದ ರೀತಿ ಇದು. ಕನ್ನಡ ಕಥೆಯಲ್ಲಿ ಇಂಥದ್ದನ್ನು ನಾನು ಓದಿದ ನೆನಪಿಲ್ಲ. ಲೆಕ್ಕ ಮಾಡದ ಓದುಗನಿಗೆ ಇದು ಸಿಗುವುದಿಲ್ಲ ಎಂಬ ಆಕ್ಷೇಪ ಬರಬಹುದು. ಸಿಗದಿದ್ದರೂ ತಿದ್ದಿದ ಚೀಟಿಯ ಹಿಂಜರಿಕೆ ಸಿಗುತ್ತದೆ. ಸಿಕ್ಕವನಿಗೆ ಆ ಹಿಂಜರಿಕೆಯ ತೂಕ ಗುಂಟೆಯಲ್ಲಿ ಸಿಗುತ್ತದೆ.

ತಮ್ಮನ ಚೀಟಿಯನ್ನು ಇಷ್ಟು ನುಣುಪಾಗಿ ನಿಭಾಯಿಸಿದ ಕಥೆ ಅಕ್ಕನ ಚೀಟಿಯನ್ನು ನೋಡುವುದೇ ಇಲ್ಲ. ನನ್ನ ದೊಡ್ಡ ತಕರಾರು ಇಲ್ಲಿದೆ. ಅವಳ ಚೀಟಿಯಲ್ಲಿ ಒಂದೂ ತಿದ್ದಿಲ್ಲ. ರಸ್ತೆ ಹೊಲಕ್ಕೆ 10 ಎಂದು ಸಲೀಸಾಗಿ ಬರೆದಿದ್ದಾಳೆ. ಕಥೆ ಅದನ್ನು ಅವಳ ಮನಸ್ಸಿನ ನಿಜ ಎಂದು ಒಪ್ಪಿಬಿಡುತ್ತದೆ. ಆದರೆ ಇದೇ ಕಥೆ ಮೊದಲ ಪುಟದಲ್ಲಿ ಹೇಳಿದ್ದೇನು? ಅವಳ ಗಂಡನ ಮನೆಯ ಹೊಲ ಆಲಮಟ್ಟಿಯ ಹಿನ್ನೀರಿಗೆ ಹೋಗಿದೆ. ಪರಿಹಾರದ ಹಣ ಹೇಗೆ ಬಂತು, ಹೇಗೆ ಕರಗಿತು ಎಂದು ಕಂಡವಳು. ನವನಗರದಲ್ಲಿ ಸೈಟಿನ ಬೆಲೆ ಏರುವುದನ್ನು ಕಣ್ಣಾರೆ ನೋಡಿದವಳು. ಎರಿಗೆ 45 ಕೊಟ್ಟದ್ದು ಅರ್ಥವಾಗುತ್ತದೆ. ನೆಲ ಮುಳುಗಿದ ಮನೆಯವಳಿಗೆ ನೆಲ ಬೇಕು. ಆದರೆ ರಸ್ತೆ ಪಕ್ಕದ ಎಕರೆಯ ಬೆಲೆ ಅವಳಿಗೆ ಗೊತ್ತಿಲ್ಲ ಎಂದು ನಂಬುವುದು ಕಷ್ಟ. ಅದು ತಮ್ಮನ ಕನಸಿನ ಜಾಗ ಎಂದು ಗೊತ್ತಿದ್ದೇ 10 ಬರೆದಳೇ? ಅಥವಾ ಇಂಥದ್ದು ಹೆಣ್ಣುಮಕ್ಕಳಿಗಲ್ಲ ಎಂದು ಮೂವತ್ತು ವರ್ಷ ಕಲಿತದ್ದು ಪೆನ್ನಿಗೆ ಇಳಿಯಿತೇ?

ಒಂದು ಸಣ್ಣ ಊಹೆ ಮಾಡಿ ನೋಡೋಣ. ಅವಳು ಎರಿಗೆ 35, ಮಸಾರಿಗೆ 15, ಬಾವಿಗೆ 25, ರಸ್ತೆಗೂ 25 ಬರೆದಿದ್ದಳೆನ್ನಿ. ತಮ್ಮನ ಚೀಟಿ ಅದೇ. ಆಗ ಎರಿ, ಮಸಾರಿ ಅವಳಿಗೆ, 50 ಅಂಕ. ಬಾವಿ, ರಸ್ತೆ ಅವನಿಗೆ, 60. ಈ ಸಲ ಸರಿಯಬೇಕಾದದ್ದು ಅವನ ಕಡೆಯಿಂದ ಇವಳ ಕಡೆಗೆ: ಬಾವಿ ಹೊಲದ ಐದರಲ್ಲಿ ಒಂದು ಪಾಲು. ಅದೂ 16 ಗುಂಟೆಯೇ! ಎರಿಯ 16 ಗುಂಟೆ ಕೊಟ್ಟವಳು ಎರಿಯನ್ನು ಪೂರ್ತಿ ಉಳಿಸಿಕೊಂಡು ಬಾವಿಯ 16 ಗುಂಟೆ ಪಡೆಯುತ್ತಿದ್ದಳು. ಜೊತೆಗೆ ಇನ್ನೊಂದು ಸಂಗತಿ: ಈಗ ಇಬ್ಬರಿಗೂ 62 ಅಲ್ಲ, 55.

ಈ ಇಳಿಕೆಯಲ್ಲಿ ವಿಧಾನದ ಗುಟ್ಟಿದೆ. 50ಕ್ಕಿಂತ ಮೇಲೆ ಸಿಗುವ ಲಾಭವೆಲ್ಲ ಹುಟ್ಟುವುದು ಇಬ್ಬರ ಆಸೆಗಳು ಬೇರೆ ಬೇರೆ ಇರುವುದರಿಂದ. ಇಬ್ಬರೂ ಒಂದೇ ಥರ ಬಯಸಿದರೆ ಲಾಭ ಸೊನ್ನೆ. ಹಿರಿಯರ ನಡುಬದುವೇ ಸರಿ. ಹಾಗಾದರೆ ಆಸೆಗಳು ಬೇರೆಯಾದದ್ದು ಹೇಗೆ ಎಂದು ಕೇಳಲೇಬೇಕು. ಒಂದಿಷ್ಟು ಸ್ವಭಾವ, ಒಂದಿಷ್ಟು ಬದುಕು. ಇನ್ನೊಂದಿಷ್ಟು, ಒಬ್ಬಳಿಗೆ ಕಡಿಮೆ ಬಯಸಲು ಕಲಿಸಿದ್ದು. ಕಡಿಮೆ ಬಯಸಿದವಳಿಗೆ ಬಯಸಿದ್ದನ್ನು ಕೊಟ್ಟು ತೃಪ್ತಿ ಸಮವಾಯಿತು ಎನ್ನುವುದು ಲೆಕ್ಕದ ತಪ್ಪಲ್ಲ. ಲೆಕ್ಕ ಕೈಗೆ ಬಂದ ಅಂಕಿಗಳಿಂದ ಶುರುವಾಗುತ್ತದೆ. ಆದರೆ ಕಥೆಗೆ ಆ ನೆಪ ಇಲ್ಲ. ಅಂಕಿ ಬರೆಯುವ ಕೈಯನ್ನು ನೋಡುವುದೇ ಅದರ ಕೆಲಸ. ತಮ್ಮನ ಕೈ ನೋಡಿದ ಕಥೆ ಅಕ್ಕನ ಕೈ ನೋಡಲಿಲ್ಲ.

ಎರಡನೇ ತಕರಾರು ಆ 16 ಗುಂಟೆಯದು. “ಮರುದಿನ ಹದಿನಾರು ಗುಂಟೆ ಅಳೆದು ಕಲ್ಲು ನೆಟ್ಟರು” ಎಂದು ಕಥೆ ಒಂದೇ ಸಾಲಿನಲ್ಲಿ ದಾಟಿಬಿಡುತ್ತದೆ. ಯಾವ ಕಡೆಯಿಂದ ಅಳೆದರು? ಎರಿ ಹೊಲ ಎಲ್ಲ ಕಡೆ ಒಂದೇ ಅಲ್ಲ. ಇಳಿಜಾರಿಗೆ ಅಡ್ಡಲಾಗಿ ಹಾಕಿದ ಒಡ್ಡಿನ ಬಳಿ ಮಳೆನೀರು ನಿಂತು ಇಂಗುತ್ತದೆ, ಮೇಲಿನ ಮಣ್ಣು ಬಂದು ಕೂಡುತ್ತದೆ. ಹಿಂಗಾರಿ ಜೋಳ ಬೆಳೆಯುವುದೇ ನೆಲದೊಳಗಿನ ಹಸಿಯ ಮೇಲೆ. ಮಳೆ ಕಡಿಮೆಯಾದ ವರ್ಷ ಒಡ್ಡಿನ ಪಕ್ಕ ಮಾತ್ರ ತೆನೆ ತುಂಬುತ್ತದೆ, ಮೇಲಿನ ಅಂಚು ಒಣಗುತ್ತದೆ. ಮಳೆ ಅತಿಯಾದ ವರ್ಷ ಅದೇ ಒಡ್ಡಿನ ಪಕ್ಕ ನೀರು ನಿಂತು ಬೆಳೆ ಹಳದಿಯಾಗುತ್ತದೆ.

ಹೊಲ 660 ಅಡಿ ಉದ್ದ, 396 ಅಡಿ ಅಗಲ ಎಂದುಕೊಳ್ಳಿ. ಸರಿಯಾಗಿ 6 ಎಕರೆ. ಇಳಿಜಾರು ಉದ್ದಕ್ಕೆ ಇದೆಯೆನ್ನಿ. ಒಡ್ಡಿಗೆ ತಾಗಿ ಅಡ್ಡಲಾಗಿ ತೆಗೆದರೆ 44 ಅಡಿ ಅಗಲದ ಪಟ್ಟಿ, ಹಸಿಯೆಲ್ಲ ತಮ್ಮನಿಗೆ. ಮೇಲಿನ ಅಂಚಿನಲ್ಲಿ ತೆಗೆದರೆ ಅವನಿಗೆ ಗರಸು. ಮೇಲಿನಿಂದ ಕೆಳಗಿನವರೆಗೆ ಉದ್ದಕ್ಕೆ ತೆಗೆದರೆ ನ್ಯಾಯವೇನೋ ನ್ಯಾಯವೇ, ಆದರೆ ಅಗಲ 26 ಅಡಿ. ಟ್ರ್ಯಾಕ್ಟರ್ ತಿರುಗಿಸಲು ಅಕ್ಕನ ಹೊಲಕ್ಕೇ ಇಳಿಯಬೇಕು, ಒಡ್ಡು ಒಡೆದರೆ ಇಬ್ಬರೂ ಕೂಡಿ ಕಟ್ಟಬೇಕು. ಹದಿನೈದರಲ್ಲಿ ಒಂದು ಪಾಲು ನೆಲವೆಂದರೆ ಹದಿನೈದರಲ್ಲಿ ಒಂದು ಪಾಲು ಬೆಲೆ ಎಂದು ವಿಧಾನ ಹಿಡಿದುಕೊಂಡಿದೆ. ಹೊಲ ಹಾಗಿಲ್ಲ. ಇದಕ್ಕೆ ಪರಿಹಾರ ಲೆಕ್ಕದೊಳಗೇ ಇತ್ತು: ಎರಿಯನ್ನು ಮೇಲಿನ ಎರಿ, ಒಡ್ಡಿನ ಎರಿ ಎಂದು ಎರಡು ಮಾಡಿ ಅಂಕ ಬರೆಸಬಹುದಿತ್ತು. ಹುಡುಗಿಗೆ ಹೊಳೆಯದಿರುವುದು ಸಹಜ, ಅವಳು ಊರಿನಲ್ಲಿ ಬೆಳೆದವಳಲ್ಲ. ಆದರೆ ನೆರೆಮನೆಯ ಮುದುಕ ಅಲ್ಲೇ ಕುಳಿತಿದ್ದ. ಮುಂಗಾರಿ ಹಿಂಗಾರಿ ತಿಳಿದವನು ಒಡ್ಡಿನ ಬಗ್ಗೆ ಬಾಯಿ ಬಿಡದೆ ಇರುತ್ತಾನೆಯೇ? ವಾಟ್ನಿ ನೋಂದಣಿಗೆ ಹೋದರೂ 11ಇ ನಕ್ಷೆಯಲ್ಲಿ ಆ ಗೆರೆ ಎಲ್ಲಿ ಎಂದು ತೋರಿಸಲೇಬೇಕು. ಅಕ್ಕ-ತಮ್ಮ ಮೊದಲ ಸಲ ಎದುರುಬದುರಾಗಿ ಮಾತಾಡಲೇಬೇಕಾದ ಜಾಗ ಅದು. ಕಥೆ ಆ ದೃಶ್ಯವನ್ನು ಬರೆಯದೆ ಕಲ್ಲು ನೆಟ್ಟುಬಿಟ್ಟಿದೆ.

ಕೊನೆಯ ಪುಟದಲ್ಲಿ ಹುಡುಗಿ ಬಸ್ಸಿನ ಕಿಟಕಿಯಿಂದ ಹೊಲಗಳನ್ನು ನೋಡುತ್ತ, ಪ್ರೀತಿಯನ್ನು ಯಾವ ಗಣಿತವೂ ಅಳೆಯಲಾರದು ಎಂದುಕೊಳ್ಳುತ್ತಾಳೆ. ಈ ಸಾಲನ್ನು ತೆಗೆಯಬೇಕು ಎಂದು ಕಥೆಗಾರನಿಗೆ ಹೇಳಿದ್ದೇನೆ. ಇದು ಯಾರಾದರೂ ಎಲ್ಲಾದರೂ ಬರೆಯಬಹುದಾದ ಸಾಲು. ಅದಕ್ಕಿಂತ ಹೆಚ್ಚಾಗಿ, ಈ ಕಥೆಯ ಮಟ್ಟಿಗೆ ಅದು ಸುಳ್ಳು. ತಮ್ಮನ ಚೀಟಿಯಲ್ಲಿ ಗಣಿತ ಅಳೆದೇ ಬಿಟ್ಟಿದೆ: 32 ಗುಂಟೆ. ಅಳೆಯಲಾಗದೆ ಉಳಿದದ್ದು ಅಕ್ಕನ 10. ಅದು ಪ್ರೀತಿಯೋ, ರೂಢಿಯೋ, ನಿಜವಾಗಿಯೂ ಬೇಡವೋ ಎಂದು ಆ ಚೀಟಿ ಹೇಳುವುದಿಲ್ಲ. ಕಥೆ ಮುಗಿಯಬೇಕಾದದ್ದು ಬಸ್ಸಿನಲ್ಲಲ್ಲ, ಚಹಾಪುಡಿಯ ಡಬ್ಬಿಯ ಕೆಳಗೆ ಒಂದೂ ತಿದ್ದಿಲ್ಲದೆ ಮಡಚಿಟ್ಟ ಆ ಹಾಳೆಯ ಹತ್ತಿರ.